ಇನ್‌ಕ್ರಿಮೆಂಟ್ ಬಂದರೆ ಕೈಗೆ ಬರುವ ಸಂಬಳ ಕಡಿಮೆಯಾಗುತ್ತದೆಯೇ?

ಪ್ರಶ್ನೆ: ನನ್ನ ವರ್ಷದ ಸಂಬಳ 16,50,000 ರೂಪಾಯಿ. ತೆರಿಗೆಗೆ ಹೊಸ ಪದ್ಧತಿ ಆರಿಸಿಕೊಂಡಿದ್ದೇನೆ. ಈಗ 1 ಲಕ್ಷ ಹೆಚ್ಚಿಸುತ್ತೇವೆ ಎಂದಿದ್ದಾರೆ. "20 ಪರ್ಸೆಂಟ್ ಸ್ಲ್ಯಾಬಿಗೆ ಬೀಳ್ತೀಯ, ಈಗ ಬರ್ತಿರೋದಕ್ಕಿಂತ ಕಮ್ಮಿ ಬರುತ್ತೆ" ಎಂದು ಜೊತೆಯಲ್ಲಿ ಕೆಲಸ ಮಾಡುವವರು ಹೆದರಿಸುತ್ತಿದ್ದಾರೆ. ನಿಜವೇ?

ಉತ್ತರ: ಅಲ್ಲ. ಆ 1 ಲಕ್ಷದಲ್ಲಿ ತೆರಿಗೆಗೆ ಹೋಗುವುದು 19,500 ರೂಪಾಯಿ. ಉಳಿದ 80,500 ನಿಮ್ಮದೇ.

ನಿಮ್ಮ ಸಹೋದ್ಯೋಗಿ ತಪ್ಪುತ್ತಿರುವುದು ಒಂದೇ ಕಡೆ. 16 ಲಕ್ಷ ದಾಟಿದರೆ ಇಡೀ ಆದಾಯಕ್ಕೆ 20% ಬೀಳುತ್ತದೆ ಎಂದು ಅವರು ತಿಳಿದಿದ್ದಾರೆ. ಸ್ಲ್ಯಾಬಿನ ದರ ಅನ್ವಯಿಸುವುದು ಆ ಸ್ಲ್ಯಾಬಿನೊಳಗೆ ಬಿದ್ದ ಹಣಕ್ಕೆ ಮಾತ್ರ. ಬೆಂಗಳೂರಿನ ನೀರಿನ ಬಿಲ್ ನೋಡಿದವರಿಗೆ ಇದು ಹೊಸದಲ್ಲ: ಬಳಕೆ 8 ಸಾವಿರ ಲೀಟರ್ ದಾಟಿದರೆ ಹೆಚ್ಚಿನ ದರ ಬೀಳುವುದು ದಾಟಿದಷ್ಟಕ್ಕೆ, ಮೊದಲ 8 ಸಾವಿರ ಲೀಟರಿನ ದರ ಹಾಗೇ ಇರುತ್ತದೆ.

2025-26ನೇ ಆರ್ಥಿಕ ವರ್ಷದ ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೊಂದು ಮೆಟ್ಟಿಲು: 5%, 10%, 15%, 20%, 25%, ಮತ್ತು 24 ಲಕ್ಷದ ಮೇಲಿನದಕ್ಕೆ 30%. ಬಂದ ತೆರಿಗೆಯ ಮೇಲೆ 4% ಸೆಸ್. ಸಂಬಳದಾರರಿಗೆ ಲೆಕ್ಕ ಶುರುವಾಗುವ ಮೊದಲೇ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆಯುತ್ತದೆ.

ಹಾಗಾಗಿ ಈಗ ನಿಮ್ಮ ತೆರಿಗೆಯ ಆದಾಯ 15,75,000. ಎರಡನೇ 4 ಲಕ್ಷಕ್ಕೆ 20,000, ಮೂರನೆಯದಕ್ಕೆ 40,000, ಉಳಿದ 3,75,000ಕ್ಕೆ 15% ಎಂದರೆ 56,250. ಒಟ್ಟು 1,16,250, ಸೆಸ್ ಸೇರಿ 1,20,900. ಸಂಬಳ ಹೆಚ್ಚಾದ ಮೇಲೆ ತೆರಿಗೆಯ ಆದಾಯ 16,75,000. ಕೆಳಗಿನ ಮೆಟ್ಟಿಲುಗಳ 20,000 ಮತ್ತು 40,000 ಅಲುಗುವುದಿಲ್ಲ. 15%ರ ಮೆಟ್ಟಿಲು ಪೂರ್ತಿ ತುಂಬಿ 60,000 ಆಗುತ್ತದೆ. 20% ಬೀಳುವುದು 16 ಲಕ್ಷ ದಾಟಿದ 75,000ಕ್ಕೆ, ಅಂದರೆ 15,000. ಒಟ್ಟು 1,35,000, ಸೆಸ್ ಸೇರಿ 1,40,400. ಎರಡರ ನಡುವಿನ ವ್ಯತ್ಯಾಸವೇ ಆ 19,500.

ಮುಂದೆ ಬರುವ ಒಂದು ರೂಪಾಯಿಗೆ ಎಷ್ಟು ತೆರಿಗೆ ಎನ್ನುವುದು ಮಾರ್ಜಿನಲ್ ದರ. ಇನ್‌ಕ್ರಿಮೆಂಟ್ ಆದ ಮೇಲೆ ನಿಮ್ಮದು 20%, ಸೆಸ್ ಸೇರಿದರೆ 20.8%. ಒಟ್ಟು ತೆರಿಗೆಯನ್ನು ಒಟ್ಟು ಸಂಬಳದಿಂದ ಭಾಗಿಸಿದರೆ ಬರುವುದು ಸರಾಸರಿ ದರ. ಅದು ಈಗ 7.3%, ಆಮೇಲೆ 8%. "ನಾನು 20 ಪರ್ಸೆಂಟ್ ತೆರಿಗೆ ಕಟ್ಟುತ್ತೇನೆ" ಎನ್ನುವವರು ಬಹುಪಾಲು ಈ ಎರಡನ್ನು ಕಲಸಿಕೊಂಡಿರುತ್ತಾರೆ. ಹೆಚ್ಚುವರಿ ಕೆಲಸಕ್ಕೆ ಸಿಗುವ ದುಡ್ಡು, ಎಫ್‌ಡಿ ಬಡ್ಡಿ, ಇನ್‌ಕ್ರಿಮೆಂಟ್ ಇವುಗಳಲ್ಲಿ ಎಷ್ಟು ಉಳಿಯುತ್ತದೆ ಎಂದು ತಿಳಿಯಲು ಮಾರ್ಜಿನಲ್ ದರ ಹಿಡಿಯಬೇಕು. ಇಡೀ ವರ್ಷದ ಹೊರೆ ಎಷ್ಟೆಂದು ನೋಡಲು ಸರಾಸರಿ ದರ. ಅತಿ ಮೇಲಿನ ಮೆಟ್ಟಿಲಲ್ಲೂ ದರ 30% ಆಗಿರುವ ತನಕ, ಹೆಚ್ಚು ಬಂದ ಪ್ರತಿ ರೂಪಾಯಿಯಲ್ಲೂ ಒಂದಿಷ್ಟು ಉಳಿದೇ ಉಳಿಯುತ್ತದೆ.

ಹಾಗಾದರೆ "ನನ್ನ ಪೇ ಸ್ಲಿಪ್‌ನಲ್ಲಿ ನಿಜವಾಗಿಯೂ ಕಮ್ಮಿ ಬಂತು" ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ, ತಿಂಗಳ ಟಿಡಿಎಸ್ ನೋಡಿ ವರ್ಷದ ತೆರಿಗೆ ಎಂದುಕೊಂಡಿರುತ್ತಾರೆ, ಅಷ್ಟೆ. ಕಂಪನಿ ಇಡೀ ವರ್ಷದ ತೆರಿಗೆಯನ್ನು ಅಂದಾಜು ಮಾಡಿ, ಬಾಕಿ ಇರುವುದನ್ನು ಉಳಿದ ತಿಂಗಳುಗಳಿಗೆ ಹಂಚುತ್ತದೆ. ನಿಮಗೆ ಆ 1 ಲಕ್ಷ ಇನ್‌ಕ್ರಿಮೆಂಟಿನ ಬದಲು ಫೆಬ್ರವರಿಯಲ್ಲಿ ಬೋನಸ್ ಆಗಿ ಬಂತು ಎನ್ನಿ. ಹೆಚ್ಚುವರಿ 19,500 ಕಡಿತಕ್ಕೆ ಉಳಿದಿರುವುದು ಎರಡೇ ತಿಂಗಳು, ತಿಂಗಳಿಗೆ 9,750. ಮಾರ್ಚಿನ ಸಂಬಳ ಜನವರಿಯಷ್ಟೇ ಇದ್ದರೂ ಕೈಗೆ 9,750 ಕಡಿಮೆ ಬರುತ್ತದೆ. ಏಪ್ರಿಲಿನಲ್ಲಿ ಅದು ಮತ್ತೆ ಸರಿಹೋಗುತ್ತದೆ. ಆದ್ದರಿಂದ ಹೋಲಿಸುವುದಾದರೆ ಎರಡು ತಿಂಗಳ ಸ್ಲಿಪ್ ಪಕ್ಕಪಕ್ಕ ಇಡಬೇಡಿ, ಎರಡು ವರ್ಷದ ಫಾರ್ಮ್ 16 ಇಡಿ.

ಇಷ್ಟೂ ಸ್ಲ್ಯಾಬಿನ ಮಾತು. ಸ್ಲ್ಯಾಬಿಗೆ ಸೇರದ ಕೆಲವು ನಿಯಮಗಳಲ್ಲಿ ಮಾತ್ರ ಸಂಬಳ ಏರಿ ಕೈಗೆ ಬರುವುದು ಇಳಿಯುವುದುಂಟು. ಬಹುಶಃ ಆ ಗಾಳಿಮಾತು ಹುಟ್ಟಿದ್ದೂ ಇಲ್ಲಿಂದಲೇ. ಸಣ್ಣ ಉದಾಹರಣೆ ಕರ್ನಾಟಕದ ವೃತ್ತಿ ತೆರಿಗೆ: ತಿಂಗಳ ಸಂಬಳ 25,000 ಮುಟ್ಟಿದೊಡನೆ 200 ರೂಪಾಯಿ ಕಡಿತ. 24,900 ಇದ್ದದ್ದು 25,000 ಆದರೆ ಕೈಗೆ 24,800. ಆದಾಯ ತೆರಿಗೆಯ ಹಳೆ ಪದ್ಧತಿಯಲ್ಲಿ ಹಳ್ಳ ಇನ್ನೂ ಆಳ. ತೆರಿಗೆಯ ಆದಾಯ 5 ಲಕ್ಷದವರೆಗೆ ಇದ್ದರೆ ರಿಬೇಟ್‌ನಿಂದ ತೆರಿಗೆ ಸೊನ್ನೆ, 100 ರೂಪಾಯಿ ಮೇಲಾದರೆ ಸೆಸ್ ಸೇರಿ 13,021.

ಹೊಸ ಪದ್ಧತಿಯಲ್ಲಿ ಈ ಗಡಿ ಇರುವುದು 12 ಲಕ್ಷದಲ್ಲಿ, ಅಂದರೆ ಸಂಬಳದಾರರಿಗೆ 12,75,000ದಲ್ಲಿ. ಅಲ್ಲಿಯವರೆಗೆ 60,000ದ ರಿಬೇಟ್ ತೆರಿಗೆಯನ್ನು ಪೂರ್ತಿ ಅಳಿಸುತ್ತದೆ. ದಾಟಿದರೆ ರಿಬೇಟ್ ಇಲ್ಲ, ಆದರೆ ಮಾರ್ಜಿನಲ್ ರಿಲೀಫ್ ಇದೆ: 12 ಲಕ್ಷಕ್ಕಿಂತ ಎಷ್ಟು ಹೆಚ್ಚು ಗಳಿಸಿದ್ದೀರೋ ಅದಕ್ಕಿಂತ ಹೆಚ್ಚು ತೆರಿಗೆ ಬೀಳಬಾರದು. 10,000 ಹೆಚ್ಚಾದರೆ ತೆರಿಗೆ 61,500 ಅಲ್ಲ, 10,000. ಆದರೆ ರಿಲೀಫ್ ಕೊಟ್ಟ ಮೇಲೆ ಅದರ ಮೇಲೆ ಸೆಸ್ ಬೀಳುತ್ತದೆ, 400 ರೂಪಾಯಿ. ಹೆಚ್ಚು ಬಂದ 10,000ವೂ ಹೋಗಿ, ಕೈಯಿಂದ ಇನ್ನೂ 400 ಹೋಯಿತು. ಗಡಿ ದಾಟಿದ ಈ ವ್ಯಾಪ್ತಿಯಲ್ಲಿ ಮಾರ್ಜಿನಲ್ ದರ 104%! ತೆರಿಗೆಯ ಆದಾಯ ಸುಮಾರು 12,70,590 ಆಗುವವರೆಗೂ ಹೀಗೇ, ಅಲ್ಲಿ ನಷ್ಟ ಹೆಚ್ಚೆಂದರೆ 2,800 ಚಿಲ್ಲರೆ. ಅದನ್ನು ದಾಟಿದರೆ ದರ ಮತ್ತೆ ಮಾಮೂಲಿ 15%ಕ್ಕೆ ಇಳಿಯುತ್ತದೆ, ಸಂಬಳ 13,49,000ದ ಹತ್ತಿರ ಬರುವಾಗ ನಷ್ಟ ತುಂಬಿಕೊಳ್ಳುತ್ತದೆ.

ನಿಮ್ಮ ಸಂಬಳ ಈ ವ್ಯಾಪ್ತಿಯಿಂದ ದೂರವಿದೆ, ಇನ್‌ಕ್ರಿಮೆಂಟ್ ಧಾರಾಳವಾಗಿ ತೆಗೆದುಕೊಳ್ಳಿ. ಆ ವ್ಯಾಪ್ತಿಯೊಳಗೆ ಸಿಕ್ಕಿಕೊಂಡ ಸ್ನೇಹಿತರಿದ್ದರೆ ಅವರೂ ಬೇಡ ಎನ್ನಬೇಕಿಲ್ಲ, ಹೆಚ್ಚಳವನ್ನು ಕಂಪನಿಯ ಕಡೆಯ ಎನ್‌ಪಿಎಸ್ ವಂತಿಗೆಯಾಗಿ ಕೊಡಿ ಎಂದು ಎಚ್‌ಆರ್‌ಗೆ ಕೇಳಬಹುದು. ಹೊಸ ಪದ್ಧತಿಯಲ್ಲೂ ಮೂಲ ವೇತನದ 14%ವರೆಗೆ ಇದಕ್ಕೆ ಕಡಿತ ಉಂಟು. 13,20,000 ಸಂಬಳವನ್ನು ಪೂರ್ತಿ ನಗದಾಗಿ ಪಡೆದರೆ 46,800 ತೆರಿಗೆ ಹೋಗಿ ಕೈಗೆ 12,73,200. ಅದರಲ್ಲಿ 45,000 ಎನ್‌ಪಿಎಸ್‌ಗೆ ಹೋದರೆ ತೆರಿಗೆ ಸೊನ್ನೆ, ಕೈಗೆ 12,75,000, ಮೇಲೆ 45,000 ಪಿಂಚಣಿ ಖಾತೆಯಲ್ಲಿ. ಆ ಹಣವನ್ನು ಬೇಕೆಂದಾಗ ತೆಗೆಯಲು ಬರುವುದಿಲ್ಲ ಎನ್ನುವುದನ್ನೂ ಅವರಿಗೆ ಹೇಳಿ.