ರಿಪ್ಲೈ ನೋಟಿಸ್: ಆಸ್ಪತ್ರೆ ಕೊಡುವ ಜವಾಬಿನಲ್ಲಿ ಏನಿರಬೇಕು, ಏನಿರಬಾರದು

ಚಿಕಿತ್ಸೆಯಲ್ಲಿ ನಿರ್ಲಕ್ಷ್ಯ ಆಗಿದೆ, ಪರಿಹಾರ ಕೊಡಿ ಅಂತ ರೋಗಿಯ ವಕೀಲರು ಆಸ್ಪತ್ರೆಗೆ ಕಳಿಸುವ ಕಾಗದ ಲೀಗಲ್ ನೋಟಿಸ್. ಅದಕ್ಕೆ ಆಸ್ಪತ್ರೆ ಕೊಡುವ ಲಿಖಿತ ಜವಾಬೇ ರಿಪ್ಲೈ ನೋಟಿಸ್. ಕೆಲವರು ಉತ್ತರ ನೋಟಿಸ್ ಅಂತಲೂ ಬರೆಯುತ್ತಾರೆ. ಸಾಮಾನ್ಯವಾಗಿ ಆಸ್ಪತ್ರೆಯ ವಕೀಲರೇ ಸಹಿ ಹಾಕಿ, ರೋಗಿಯ ವಕೀಲರ ವಿಳಾಸಕ್ಕೆ ಕಳಿಸುತ್ತಾರೆ.

ಈ ಜವಾಬನ್ನು ಎಷ್ಟೋ ಕಡೆ ಸುಮ್ನೆ ಬಿಟ್ಟುಬಿಡುತ್ತಾರೆ. ಇಲ್ಲದಿದ್ದರೆ ಸಿಟ್ಟಿನಲ್ಲಿ ಬರೆದು ಕಳಿಸುತ್ತಾರೆ. ಎರಡೂ ತೊಂದರೆಯೇ. ನೋಟಿಸಿಗೆ ಬಾಯಿಮುಚ್ಚಿ ಕೂತರೆ, ಹೇಳಲು ಏನೂ ಇರಲಿಲ್ಲ ಅನ್ನುವ ಮಾತು ಮುಂದೆ ಗ್ರಾಹಕರ ಆಯೋಗದಲ್ಲಿ ಬಂದೇ ಬರುತ್ತದೆ. ಸಿಟ್ಟಿನಲ್ಲಿ ಬರೆದರೆ ಆ ಸಾಲುಗಳನ್ನೇ ಎದುರಿನವರು ಓದಿ ತೋರಿಸುತ್ತಾರೆ. ವೈದ್ಯರ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ದೂರು ದಾಖಲಾಗಿ ಆಯೋಗದ ನೋಟಿಸ್ ಬಂದ ಮೇಲೆ ಆಸ್ಪತ್ರೆ ತನ್ನ ತಕರಾರನ್ನು 30 ದಿನದೊಳಗೆ ಸಲ್ಲಿಸಬೇಕು. ಜಾಸ್ತಿ ಅಂದರೆ ಇನ್ನು 15 ದಿನ ಸಿಗುತ್ತದೆ, ಅಷ್ಟೆ. ಅಲ್ಲಿ ಹೇಳುವ ಮಾತಿಗೂ ಇವತ್ತಿನ ರಿಪ್ಲೈಗೂ ತಾಳೆಯಾಗಬೇಕು. ಆದ್ದರಿಂದ ಈ ಎರಡು ಮೂರು ಪುಟ ಬರೆಯುವಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಬೇಕು: ಇದು ಕೇಸ್ ಶೀಟಿನ ಯಾವ ಹಾಳೆಯಲ್ಲಿದೆ?

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಇದು ನಾನು ಕಟ್ಟಿದ್ದು. ಕೋಲಾರದ ಒಂದು ಸಣ್ಣ ನರ್ಸಿಂಗ್ ಹೋಮ್. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಲೋಡ್ ಎತ್ತುವ 22 ವರ್ಷದ ಹುಡುಗ. ಹೊಟ್ಟೆನೋವು ಅಂತ ರಾತ್ರಿ ಕರೆತಂದರು. ಅಪೆಂಡಿಕ್ಸ್ ಒಡೆದಿತ್ತು, ಆಪರೇಷನ್ ಆಯಿತು. ಮನೆಗೆ ಹೋದ ಮೇಲೆ ಗಾಯ ಕೀವಾಯಿತು. ಮತ್ತೆ ದಾಖಲು, ಮೂರು ವಾರ ಡ್ರೆಸ್ಸಿಂಗ್, ಅಷ್ಟು ದಿನ ಕೂಲಿ ಇಲ್ಲ. ನೋಟಿಸಿನಲ್ಲಿ ನಾಲ್ಕು ಆರೋಪ: ಒಂಬತ್ತು ಗಂಟೆ ತಡ ಮಾಡಿದರು, ಒಪ್ಪಿಗೆ ಪಡೆಯಲಿಲ್ಲ, ಶುದ್ಧವಿಲ್ಲದ ಸಲಕರಣೆ ಬಳಸಿದರು, ದಾಖಲೆ ಕೇಳಿದರೂ ಕೊಡಲಿಲ್ಲ. ಪರಿಹಾರ 15 ಲಕ್ಷ.

ರಿಪ್ಲೈಯನ್ನು ಪ್ಯಾರಾವಾರು ಬರೆಯುವುದು ರೂಢಿ. ನೋಟಿಸಿನ ಒಂದೊಂದು ಪ್ಯಾರಾಕ್ಕೂ ಉತ್ತರ ಕೊಡಬೇಕು. ಇಲ್ಲಿ ಕೆಲಸಕ್ಕೆ ಬರುವ ಮಾತು ಮೂರೇ. ‘ಒಪ್ಪುತ್ತೇವೆ’, ‘ಅಲ್ಲಗಳೆಯುತ್ತೇವೆ’, ‘ನಮ್ಮ ಅರಿವಿಗೆ ಬಂದಿಲ್ಲ’. ಯಾವ ಆರೋಪಕ್ಕೆ ಯಾವ ಮಾತು ಅಂತ ಆರಿಸುವುದರಲ್ಲೇ ಅರ್ಧ ಕೆಲಸ ಇದೆ.

ತಡದ ಆರೋಪ ನೋಡಿ. ಸಂಜೆ ನಾಲ್ಕಕ್ಕೆ ಕರೆತಂದೆವು, ಆಪರೇಷನ್ ಆಗಿದ್ದು ರಾತ್ರಿ ಒಂದಕ್ಕೆ ಅಂತ ನೋಟಿಸ್ ಹೇಳುತ್ತದೆ. ಕ್ಯಾಶುಯಾಲ್ಟಿ ರಿಜಿಸ್ಟರಿನಲ್ಲಿ ಹುಡುಗ ಬಂದದ್ದು 9.40ಕ್ಕೆ. ಸರ್ಜನ್ ನೋಡಿದ್ದು 10.05, ಸ್ಕ್ಯಾನ್ 10.50, ಆಪರೇಷನ್ ಶುರುವಾಗಿದ್ದು 1.15. ‘ನಿಮ್ಮ ಕಕ್ಷಿದಾರರು ಹಸಿ ಸುಳ್ಳು ಹೇಳುತ್ತಿದ್ದಾರೆ’ ಅಂತ ಬರೆಯಲು ಕೈ ತುಡಿಯುತ್ತದೆ. ಬರೆಯಬಾರದು. ನಾಲ್ಕು ಗಂಟೆಗೆ ಅವರು ಹಳ್ಳಿಯ ಕ್ಲಿನಿಕ್ಕಿಗೆ ಹೋಗಿರಬಹುದು, ಬಸ್ಸಿಗೆ ಕಾದಿರಬಹುದು. ಅವರ ಲೆಕ್ಕದಲ್ಲಿ ಒಂಬತ್ತು ಗಂಟೆ ನಿಜವೇ ಇರಬಹುದು ಅಲ್ವಾ? ಅದಕ್ಕೇ ರಿಪ್ಲೈ ಹೀಗೆ ಹೇಳುತ್ತದೆ: ‘ಸಂಜೆ 4 ಗಂಟೆಗೆ ನಮ್ಮ ಆಸ್ಪತ್ರೆಗೆ ಕರೆತಂದರೆಂಬುದನ್ನು ಅಲ್ಲಗಳೆಯುತ್ತೇವೆ. ರಿಜಿಸ್ಟರಿನಂತೆ ಬಂದ ಸಮಯ ರಾತ್ರಿ 9.40. ಅದಕ್ಕೆ ಮುಂಚಿನ ಸಂಗತಿಗಳು ನಮ್ಮ ಅರಿವಿಗೆ ಬಂದಿಲ್ಲ.’ ನಂತರ ನಾಲ್ಕು ಸಮಯಗಳನ್ನು ಸಾಲಾಗಿ ಕೊಟ್ಟರೆ ಸಾಕು. ಒಂಬತ್ತು ಗಂಟೆ ಅನ್ನುವುದು ಮೂರು ಗಂಟೆ 35 ನಿಮಿಷಕ್ಕೆ ಇಳಿಯಿತು. ಯಾರನ್ನೂ ಬಯ್ಯಬೇಕಾಗಲಿಲ್ಲ.

ಒಪ್ಪಿಗೆಯ ವಿಷಯದಲ್ಲಿ ಕೋಲಾರದ ಕಡೆ ಒಂದು ಸಂಗತಿ ಇದೆ. ಮನೆಯಲ್ಲಿ ತೆಲುಗು ಆಡುವವರು ಇಲ್ಲಿ ಬಹಳ. ಅಚ್ಚಾದ ಫಾರಂ ಇಂಗ್ಲಿಷಿನಲ್ಲಿದ್ದರೆ, ‘ತೆಲುಗಿನಲ್ಲಿ ವಿವರಿಸಲಾಗಿದೆ’ ಅನ್ನುವ ಒಂದು ಕೈಬರಹದ ಸಾಲಿಗೆ ತುಂಬಾ ಬೆಲೆ. ನಮ್ಮ ಉದಾಹರಣೆಯ ಫಾರಂನಲ್ಲಿ ಆ ಸಾಲಿದೆ. ಹುಡುಗನ ಸಹಿ ಇದೆ, ಅಪ್ಪ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದ್ದಾರೆ. ಹುಡುಗನ ಸಹಿ ಇರುವುದೇ ಮುಖ್ಯ. ಅವನು ಪ್ರಾಯಕ್ಕೆ ಬಂದವನು, ಪ್ರಜ್ಞೆಯಲ್ಲಿದ್ದ. ಅಪ್ಪನ ಒಪ್ಪಿಗೆ ಮಾತ್ರ ಇದ್ದಿದ್ದರೆ ಸಾಲುತ್ತಿರಲಿಲ್ಲ. ಆದರೆ ಸಮಯದ ಜಾಗ ಖಾಲಿ. ತಾರೀಖು ಇದೆ, ಗಂಟೆ ಬರೆದಿಲ್ಲ.

ಈ ಖಾಲಿ ಜಾಗವೇ ದೊಡ್ಡ ಆಮಿಷ. ನೋಟಿಸ್ ಬಂದ ದಿನ ಯಾರೋ ಪೆನ್ನು ತೆಗೆದು ‘12.30’ ಅಂತ ಸೇರಿಸಿಬಿಡುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಬೇರೆ ಇಲ್ಲ. ಬೇರೆ ಶಾಯಿ, ಬೇರೆ ಒತ್ತು ಕಣ್ಣಿಗೆ ಕಾಣುತ್ತದೆ. ರೋಗಿಯ ಕೈಯಲ್ಲಿ ಮೊದಲೇ ಪಡೆದ ಜೆರಾಕ್ಸ್ ಇದ್ದರಂತೂ ಕಥೆ ಮುಗಿಯಿತು. ಆಮೇಲೆ ನಿಜವಾದ ಹಾಳೆಗಳನ್ನೂ ಯಾರೂ ನಂಬುವುದಿಲ್ಲ. ನೋಟಿಸ್ ಕೈಗೆ ಬಂದ ಗಂಟೆಯಲ್ಲೇ ಮೂಲ ಕೇಸ್ ಶೀಟಿಗೆ ಪುಟಸಂಖ್ಯೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ರಿಪ್ಲೈ ಬರೆಯುವವರು ಜೆರಾಕ್ಸ್ ಮೇಲೆ ಕೆಲಸ ಮಾಡಬೇಕು. ರಿಪ್ಲೈಯಲ್ಲಿ ‘ನಿಮ್ಮ ಕಕ್ಷಿದಾರರ ಸಹಿ ಮತ್ತು ಆ ದಿನದ ತಾರೀಖು ಇರುವ ಒಪ್ಪಿಗೆ ಪತ್ರ ದಾಖಲೆಯಲ್ಲಿದೆ’ ಅಂತಷ್ಟೇ ಬರೆಯಬೇಕು. ಇಲ್ಲದ ಗಂಟೆಯನ್ನು ಇದೆ ಅನ್ನಬಾರದು.

ಮೂರನೆಯದು ಸಲಕರಣೆಯ ಆರೋಪ. ಇಲ್ಲಿ ಜಾಸ್ತಿ ಹೇಳಿ ಕೆಡಿಸಿಕೊಳ್ಳುವವರೇ ಹೆಚ್ಚು. ‘ನಮ್ಮಲ್ಲಿ ನೂರಕ್ಕೆ ನೂರು ಕ್ರಿಮಿರಹಿತ ಸಲಕರಣೆಗಳನ್ನೇ ಬಳಸುತ್ತೇವೆ’ ಅಂತ ಬರೆದರೆ ಅದನ್ನು ಸಾಬೀತು ಮಾಡುವ ಭಾರ ಸುಮ್ಮನೆ ತಲೆ ಮೇಲೆ ಬರುತ್ತದೆ. ಆಸ್ಪತ್ರೆಯ ಕೈಯಲ್ಲಿರುವುದು ಆಟೋಕ್ಲೇವ್ ರಿಜಿಸ್ಟರ್, ಅಂದರೆ ಸಲಕರಣೆಗಳನ್ನು ಹಬೆಯಲ್ಲಿ ಕ್ರಿಮಿರಹಿತ ಮಾಡುವ ಯಂತ್ರದ ದಾಖಲೆ ಪುಸ್ತಕ. ಆ ದಿನದ ಲೋಡ್, ಸಮಯ, ಪಕ್ಕದಲ್ಲಿ ಅಂಟಿಸಿದ ಟೇಪಿನ ತುಂಡು. ಹಬೆ ತಾಗಿದ ಮೇಲೆ ಟೇಪಿನ ಗೆರೆಗಳು ಕಪ್ಪಾಗುತ್ತವೆ. ಆ ಕಪ್ಪು ಗೆರೆ ಹೇಳುವುದು ಕಟ್ಟು ಹಬೆಯಲ್ಲಿತ್ತು ಅಂತ. ಒಳಗಿನ ಪ್ರತಿ ಕ್ರಿಮಿಯೂ ಸತ್ತಿದೆ ಅಂತ ಅದು ಹೇಳುವುದಿಲ್ಲ. ಆದ್ದರಿಂದ ರಿಪ್ಲೈಯಲ್ಲಿಯೂ ಅಷ್ಟೇ: ‘ಆರೋಪವನ್ನು ಅಲ್ಲಗಳೆಯುತ್ತೇವೆ. ಸದರಿ ದಿನದ ಆಟೋಕ್ಲೇವ್ ನಮೂದು ಹಾಗೂ ಟೇಪ್ ರಿಜಿಸ್ಟರಿನಲ್ಲಿವೆ. ಆಪರೇಷನ್ನಿಗೆ ಮುಂಚೆ 12.50ಕ್ಕೆ ಆಂಟಿಬಯಾಟಿಕ್ ಕೊಟ್ಟ ನಮೂದು ಡ್ರಗ್ ಚಾರ್ಟಿನಲ್ಲಿದೆ.’

ಇದರ ಹಿಂದೆಯೇ ಬರುವ ಪ್ರಶ್ನೆ, ಹಾಗಾದರೆ ಕೀವು ಯಾಕಾಯಿತು? ಇಲ್ಲಿ ‘ತೊಡಕು’ ಮತ್ತು ‘ನಿರ್ಲಕ್ಷ್ಯ’ ಅನ್ನುವ ಎರಡು ಮಾತುಗಳನ್ನು ಬೇರೆ ಮಾಡಬೇಕು. ಅಪೆಂಡಿಕ್ಸ್ ಒಡೆದು ಹೊಟ್ಟೆಯಲ್ಲಿ ಕೀವು ಹರಡಿದ್ದರೆ, ಆಮೇಲೆ ಗಾಯಕ್ಕೆ ಸೋಂಕು ತಗಲುವ ಸಂಭವ ಜಾಸ್ತಿ. ಔಷಧಿ ಕೊಟ್ಟರೂ ಅದು ಪೂರ್ತಿ ತಪ್ಪುವುದಿಲ್ಲ. ಅದು ತೊಡಕು. ಒಬ್ಬ ಸಾಧಾರಣ ನುರಿತ ವೈದ್ಯ ತೋರಿಸಬೇಕಾದ ಎಚ್ಚರ ತೋರಿಸದೆ ಹಾನಿಯಾದರೆ ಅದು ನಿರ್ಲಕ್ಷ್ಯ. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಅಳತೆಗೋಲನ್ನೇ ಇಟ್ಟುಕೊಂಡಿತು. ರಿಪ್ಲೈಯಲ್ಲಿ ಆಪರೇಷನ್ ನೋಟಿನಿಂದ ‘ಅಪೆಂಡಿಕ್ಸ್ ಒಡೆದಿತ್ತು, ಕೀವಿತ್ತು’ ಅನ್ನುವುದನ್ನು ಎತ್ತಿ ಕೊಟ್ಟರೆ ಸಾಕು. ತೀರ್ಪುಗಳ ಸಾಲು ಇಲ್ಲಿ ಬೇಡ. ಅದಕ್ಕೆ ಆಯೋಗದಲ್ಲಿ ಜಾಗ ಇದೆ.

ಹುಡುಗ ಮೂರು ದಿನ ಬಿಟ್ಟು ಡ್ರೆಸ್ಸಿಂಗಿಗೆ ಬರಬೇಕಿತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬರೆದಿದೆ. ಬಂದಿದ್ದು ಹತ್ತನೇ ದಿನ. ಇದನ್ನು ಹೇಳಲೇಬೇಕು, ಆದರೆ ಎರಡು ತಾರೀಖು ಕೊಟ್ಟು ನಿಲ್ಲಿಸಬೇಕು. ‘ನಿಮ್ಮ ಕಕ್ಷಿದಾರರ ಬೇಜವಾಬ್ದಾರಿಯಿಂದಲೇ’ ಅಂತ ಸೇರಿಸಿದರೆ, ಮೂರು ವಾರ ಕೂಲಿ ಕಳೆದುಕೊಂಡ ಮನೆಗೆ ಅದು ಗಾಯದ ಮೇಲೆ ಬರೆ. ಇನ್ನೂ ಒಂದು ಮಾತು. ಅವನು ಪಟ್ಟ ನೋವಿಗೆ ಬೇಸರವಿದೆ ಅಂತ ಒಂದು ಸಾಲು ಬರೆಯಲು ಹೆದರಬೇಕಿಲ್ಲ. ನೋವಿಗೆ ಮರುಗುವುದು ತಪ್ಪೊಪ್ಪಿಗೆ ಅಲ್ಲ. ‘ನಮ್ಮಿಂದ ಆದ ತಪ್ಪಿಗೆ’ ಅಂತ ಬರೆದರೆ ಮಾತ್ರ ಅದು ತಪ್ಪೊಪ್ಪಿಗೆ.

ಕೊನೆಯ ಆರೋಪದಲ್ಲಿ ಆಸ್ಪತ್ರೆಯ ಕಡೆಯೇ ಕೊರತೆ ಇದೆ. ದಾಖಲೆ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮ ಹೇಳುತ್ತದೆ. ಅಪ್ಪ ಅರ್ಜಿ ಕೊಟ್ಟದ್ದು 3ನೇ ತಾರೀಖು, ಜೆರಾಕ್ಸ್ ಸಿಕ್ಕಿದ್ದು 8ಕ್ಕೆ. ‘ಕೊಡಲೇ ಇಲ್ಲ’ ಅನ್ನುವುದು ಸರಿಯಲ್ಲ, ‘ಸಮಯಕ್ಕೆ ಕೊಟ್ಟೆವು’ ಅನ್ನುವುದೂ ಸರಿಯಲ್ಲ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ನೇರವಾಗಿ ಹೇಳುವುದೇ ದಾರಿ: ‘3ರಂದು ಅರ್ಜಿ ಬಂದಿರುವುದನ್ನೂ, 8ರಂದು ಪ್ರತಿಗಳನ್ನು ಸಹಿ ಪಡೆದು ಕೊಟ್ಟಿರುವುದನ್ನೂ ಒಪ್ಪುತ್ತೇವೆ.’ ಮೆಡಿಕಲ್ ರೆಕಾರ್ಡ್ ನೋಡಿಕೊಳ್ಳುವವರು ರಜೆ ಇದ್ದರು ಅನ್ನುವ ನೆಪ ಬೇಡ. ಈ ಒಂದು ಒಪ್ಪಿಗೆ ಉಳಿದ ಮೂರು ಅಲ್ಲಗಳೆತಗಳಿಗೆ ಬಲ ಕೊಡುತ್ತದೆ.

ಇನ್ನು ಕಳಿಸುವ ಮುಂಚಿನ ಕೆಲಸ. ಇಂಥ ಪರಿಹಾರದ ಹೊಣೆ ಹೊರುವ ಇಂಡೆಮ್ನಿಟಿ ವಿಮೆ ವೈದ್ಯರಿಗೂ ಆಸ್ಪತ್ರೆಗೂ ಇದ್ದರೆ ನೋಟಿಸಿನ ಪ್ರತಿಯನ್ನು ತಕ್ಷಣ ಕಂಪನಿಗೆ ಕಳಿಸಬೇಕು. ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಬಾರದು ಅನ್ನುವ ಷರತ್ತು ಇಂಥ ಪಾಲಿಸಿಗಳಲ್ಲಿ ಸಾಮಾನ್ಯ. ನೋಟಿಸ್ ಕೊಟ್ಟ ಗಡುವಿನೊಳಗೆ ಇಷ್ಟೆಲ್ಲ ಆಗದಿದ್ದರೆ, ‘ದಾಖಲೆ ಪರಿಶೀಲಿಸುತ್ತಿದ್ದೇವೆ, ಇಂಥ ದಿನದೊಳಗೆ ಪೂರ್ಣ ಉತ್ತರ ಕೊಡುತ್ತೇವೆ’ ಅಂತ ನಾಲ್ಕು ಸಾಲಿನ ಕಾಗದ ಮೊದಲು ಹೋಗಲಿ. ಎದುರಿನ ವಕೀಲರು ಕೇಸ್ ಶೀಟ್ ಕೇಳಿದ್ದರೆ, ರೋಗಿ ಸಹಿ ಮಾಡಿದ ಅಧಿಕಾರ ಪತ್ರ ಇದೆಯಾ ನೋಡಬೇಕು. ಇಲ್ಲದಿದ್ದರೆ ಅದನ್ನು ಕೇಳಬೇಕು. ಆರೋಪಕ್ಕೆ ಸಂಬಂಧವಿಲ್ಲದ ಹಳೇ ಕಾಯಿಲೆಯ ಸುದ್ದಿ ರಿಪ್ಲೈಯಲ್ಲಿ ಬರಲೇಬಾರದು. ಅದು ರೋಗಿಯ ಗುಟ್ಟು.

ರಿಪ್ಲೈಯ ತಲೆಬರಹದಲ್ಲಿ ‘ಹಕ್ಕುಗಳಿಗೆ ಬಾಧಕವಿಲ್ಲದಂತೆ’ ಅಂತ ಬರೆಯುವುದುಂಟು. ಈ ಉತ್ತರ ಕೊಟ್ಟೆವು ಅಂತ ಮುಂದೆ ಬೇರೆ ತಕರಾರು ಎತ್ತುವ ಹಕ್ಕು ಬಿಟ್ಟುಕೊಟ್ಟಂತಲ್ಲ ಅನ್ನುವುದು ಅದರ ಅರ್ಥ. ಕೆಲವರು ಅದನ್ನು ಗುರಾಣಿ ಅಂದುಕೊಳ್ಳುತ್ತಾರೆ. ಒಳಗೆ ಬೇಜವಾಬ್ದಾರಿ ಸಾಲು ಬರೆದಿದ್ದರೆ ಈ ನಾಲ್ಕು ಅಕ್ಷರ ಅದನ್ನು ಕಾಪಾಡುತ್ತದೆ ಅಂತ ನೆಚ್ಚಿಕೊಳ್ಳಬಾರದು.

ಕಡೇ ಪ್ಯಾರಾದಲ್ಲಿ 15 ಲಕ್ಷದ ಬೇಡಿಕೆಯನ್ನು ಒಂದೇ ವಾಕ್ಯದಲ್ಲಿ ಅಲ್ಲಗಳೆದು, ಆಸ್ಪತ್ರೆಗೆ ಬಂದು ಚಿಕಿತ್ಸೆ ಕೊಟ್ಟ ವೈದ್ಯರ ಜೊತೆ ದಾಖಲೆ ನೋಡಿ ಮಾತಾಡಲು ಅವಕಾಶವಿದೆ ಅಂತ ಸೇರಿಸಬಹುದು. ಆಮೇಲೆ ಸರ್ಜನ್, ಅರಿವಳಿಕೆ ವೈದ್ಯರು, ನರ್ಸಿಂಗ್ ಇನ್‌ಚಾರ್ಜ್ ಮೂವರೂ ಕರಡನ್ನು ಓದಿ ತಮ್ಮ ತಮ್ಮ ಸಮಯಗಳಿಗೆ ಟಿಕ್ ಹಾಕಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನೂ ತಲುಪಿದ ಗುರುತನ್ನೂ ಆಫೀಸ್ ಕಾಪಿಗೆ ಪಿನ್ ಮಾಡಿ, ಬೀಗ ಹಾಕಿದ ಅದೇ ಬೀರುವಿನಲ್ಲಿ ಕೇಸ್ ಶೀಟಿನ ಪಕ್ಕ ಇಡಬೇಕು.