‘ಮನೆಯಲ್ಲೇ ಯಾಕಾಗಲ್ಲ?’: ಬಲವಂತದ ಚಿಕಿತ್ಸೆಯ ವರದಿಯಲ್ಲಿ ಕಷ್ಟದ ಪುಟ

ಒಬ್ಬರನ್ನು ಅವರ ಒಪ್ಪಿಗೆ ಇಲ್ಲದೆ ಮನೋರೋಗ ವಾರ್ಡಿನಲ್ಲಿ ಇಟ್ಟುಕೊಂಡು ಚಿಕಿತ್ಸೆ ಕೊಡುತ್ತಿದ್ದರೆ, ಕಾನೂನು ಕೊಟ್ಟ ಅವಧಿ ಮುಗಿಯುವ ಹೊತ್ತಿಗೆ ನ್ಯಾಯಮಂಡಳಿಯ ಮುಂದೆ ವರದಿ ಇಡಬೇಕು. ಇನ್ನೂ ಯಾಕೆ ಬಿಡುತ್ತಿಲ್ಲ ಅನ್ನುವುದಕ್ಕೆ ಅದು ಉತ್ತರ. ಮನೋವೈದ್ಯೆಯಾಗಿ ಇಂಥ ವರದಿ ಬರೆಯುವುದು ನನ್ನ ಕೆಲಸದ ಭಾಗ. ಅದನ್ನು ಮಂಡಳಿಯವರಷ್ಟೇ ಅಲ್ಲ, ಸಾಮಾನ್ಯವಾಗಿ ರೋಗಿಯೂ ಓದುತ್ತಾರೆ. ಇದು ನೆನಪಿದ್ದರೆ ಬರೆಯುವ ರೀತಿಯೇ ಬದಲಾಗುತ್ತದೆ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಆಕೆಗೆ 34 ವರ್ಷ, ಬಟ್ಟೆ ಹೊಲಿಯುವ ಕೆಲಸ. ಸ್ಕಿಜೋಫ್ರೇನಿಯಾ ಇದೆ. ನಲ್ಲಿ ನೀರಿಗೆ, ಬೇಯಿಸಿದ ಊಟಕ್ಕೆ ಯಾರೋ ವಿಷ ಬೆರೆಸುತ್ತಿದ್ದಾರೆ ಎಂದು ನಂಬಿ ಊಟ ಬಿಟ್ಟಿದ್ದರು. 50 ಕಿಲೋ ಇದ್ದವರು 38ಕ್ಕೆ ಇಳಿದಿದ್ದರು, ರಕ್ತದಲ್ಲಿ ಪೊಟ್ಯಾಶಿಯಂ ಕುಸಿದಿತ್ತು. ಆಕೆಯ ತಮ್ಮ ಕರೆತಂದು ಸೇರಿಸಿದರು. ಆರು ವಾರದ ನಂತರ ತೂಕ 45.5 ಕಿಲೋ. ಆದರೆ ಸೀಲ್ ಆದ ಪೊಟ್ಟಣದ್ದನ್ನು ಬಿಟ್ಟರೆ ಬೇರೇನೂ ತಿನ್ನುತ್ತಿರಲಿಲ್ಲ. ದಿನಾ ಬೆಳಿಗ್ಗೆ ರೌಂಡ್ಸಿಗೆ ಹೋದಾಗ ಒಂದೇ ಮಾತು: ‘ಮೇಡಂ, ನನ್ನ ಮನೆಗೆ ಕಳಿಸಿ.’

ನನ್ನ ಮೊದಲ ಕರಡಿನಲ್ಲಿ ಹೀಗೊಂದು ಸಾಲಿತ್ತು: ‘ರೋಗಿಗೆ ತನ್ನ ಕಾಯಿಲೆಯ ಅರಿವಿಲ್ಲ, ಮಾತ್ರೆ ನಿರಾಕರಿಸುತ್ತಾರೆ, ಬಿಟ್ಟರೆ ಪ್ರಾಣಾಪಾಯ.’ ಓದೋಕೆ ಗಟ್ಟಿಯಾಗಿದೆ ಅಲ್ವಾ? ಆದರೆ ಅದರ ಮೂರು ತುಂಡೂ ಸಡಿಲ. 38 ಕಿಲೋ ಅನ್ನುವುದು ಸೇರಿಸಿದ ದಿನದ ಸಂಗತಿ. ಮಂಡಳಿ ಕೇಳುವುದು ಇವತ್ತಿನದನ್ನು. ಅಂದು ಸೇರಿಸಿದ್ದು ಸರಿ ಎಂಬ ಕಾರಣಕ್ಕೆ ಇಂದೂ ಇಟ್ಟುಕೊಳ್ಳುವುದು ಸರಿಯಾಗುವುದಿಲ್ಲ.

‘ಅರಿವಿಲ್ಲ’ ಅನ್ನುವ ಪದ ಇನ್ನೂ ಅಪಾಯದ್ದು. ಮಾತ್ರೆ ಬೇಡ ಅಂದರೆ ಅರಿವಿಲ್ಲ, ಅರಿವಿಲ್ಲ ಅಂತ ಬಲವಂತ. ಈ ಸುತ್ತಿನೊಳಗೆ ಸಿಕ್ಕಿದವರು ಹೊರಗೆ ಬರುವುದು ಹೇಗೆ? ಅದಕ್ಕೇ ಬೇರೆ ಪ್ರಶ್ನೆ ಕೇಳಬೇಕು. ಚಿಕಿತ್ಸೆಯ ವಿವರ ಅವರಿಗೆ ಅರ್ಥವಾಗುತ್ತದಾ? ನಿರ್ಧಾರ ಮಾಡುವಷ್ಟು ಹೊತ್ತು ನೆನಪಿನಲ್ಲಿರುತ್ತದಾ? ಒಳಿತು ಕೆಡುಕು ತೂಗಿ ನೋಡಬಲ್ಲರಾ? ನಿರ್ಧಾರ ಹೇಳಬಲ್ಲರಾ? ಇದು ನಿರ್ಧರಿಸುವ ಸಾಮರ್ಥ್ಯದ ಪರೀಕ್ಷೆ. ಕಾಯಿಲೆಯ ಹೆಸರನ್ನು ಒಪ್ಪದವರಿಗೂ ಈ ಸಾಮರ್ಥ್ಯ ಇರಬಹುದು.

ಕೇಳಲು ಹೋದಾಗ ಆಕೆ ಮಾತಾಡಲಿಲ್ಲ. ಉತ್ತರ ಸಿಕ್ಕಿದ್ದು ರಾತ್ರಿ ಪಾಳಿಯ ನರ್ಸ್ ಬರೆದ ಟಿಪ್ಪಣಿಯಲ್ಲಿ. ಆಕೆ ಕಿತ್ತುಹೋದ ಗುಂಡಿ ಹೊಲಿಯಲು ಸೂಜಿ ಕೇಳಿದ್ದರಂತೆ. ನರ್ಸ್ ಪಕ್ಕದಲ್ಲೇ ಕೂತಿದ್ದರು. ಹತ್ತು ನಿಮಿಷ ಪ್ರಯತ್ನಿಸಿದರೂ ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ‘ಈ ಮಾತ್ರೆ ನನ್ನ ಕೈ ತೆಗೀತು ಸಿಸ್ಟರ್’ ಅಂದಿದ್ದರು. ನಾವು ಕೊಡುತ್ತಿದ್ದ ರಿಸ್ಪೆರಿಡೋನ್‌ನಿಂದ ಕೈ ನಡುಗುವುದು ಗೊತ್ತಿರುವ ಅಡ್ಡ ಪರಿಣಾಮ, ಡೋಸ್ ಏರಿದಂತೆ ಜಾಸ್ತಿ. ಹೊಲಿಗೆಯಿಂದಲೇ ಬದುಕುವವರು ಅದನ್ನು ಬೇಡ ಅನ್ನುವುದರಲ್ಲಿ ಏನು ತಪ್ಪಿದೆ? ನಾನು ಮೊದಲೇ ಕೇಳಬೇಕಿತ್ತು. ಆರು ವಾರ ಕೇಳಿರಲಿಲ್ಲ.

ಔಷಧ ಬದಲಿಸಿ ಅರಿಪಿಪ್ರಜೋಲ್ ಶುರು ಮಾಡಿದೆವು. ವರದಿಯಲ್ಲಿ ಆಕೆಯ ನಿರಾಕರಣೆಯನ್ನು ಎರಡಾಗಿ ಬರೆದೆ. ಕೈ ನಡುಕದ ದೂರು ನ್ಯಾಯವಾದದ್ದು, ಅದಕ್ಕೆ ನಾವೇ ದಾರಿ ಹುಡುಕಬೇಕು. ‘ಮಾತ್ರೆಯಲ್ಲೂ ಅದೇ ವಿಷ ಇದೆ’ ಎಂಬುದು ಕಾಯಿಲೆಯ ಮಾತು. ಅದು ಇರುವವರೆಗೆ ಒಳಿತು ಕೆಡುಕು ತೂಗುವುದು ಆಕೆಗೆ ಆಗುತ್ತಿಲ್ಲ. ಸಾಮರ್ಥ್ಯ ಇಲ್ಲ ಎಂದು ನಾನು ಬರೆದದ್ದು ಈ ಎರಡನೆಯ ಕಾರಣಕ್ಕೆ ಮಾತ್ರ.

ಇನ್ನು ಅಪಾಯ. ‘ಹೆಚ್ಚಿನ ಅಪಾಯ’ ಅಂತ ಸುಮ್ನೆ ಬರೆದರೆ ಮಂಡಳಿಗೆ ಏನೂ ತಿಳಿಯುವುದಿಲ್ಲ. ಏನಾಗುತ್ತದೆ, ಎಷ್ಟು ಬೇಗ ಆಗುತ್ತದೆ, ಆಗುವ ಮೊದಲು ನಮಗೆ ಕಾಣುತ್ತದಾ ಎಂದು ಹೇಳಬೇಕು. ಹಳೆಯ ಕಡತ ತೆಗೆದೆ. ಹಿಂದೆ ಎರಡು ಸಲ ಡಿಸ್ಚಾರ್ಜ್ ಆದಾಗಲೂ ಎರಡು ವಾರದೊಳಗೆ ಮಾತ್ರೆ ನಿಂತಿತ್ತು. ಸುಮಾರು ಐದನೇ ವಾರಕ್ಕೆ ಊಟ ಕಡಿಮೆಯಾಗಿತ್ತು. ತೂಕ ಅಪಾಯದ ಮಟ್ಟಕ್ಕೆ ಇಳಿದದ್ದು ಹತ್ತನೇ ವಾರದ ಹೊತ್ತಿಗೆ.

ಈ ಲೆಕ್ಕ ನನ್ನ ವಾದಕ್ಕೇ ವಿರುದ್ಧವಾಗಿತ್ತು. ಹಾನಿ ನಿಧಾನವಾಗಿ ಬರುತ್ತದೆ, ತಕ್ಕಡಿಯಲ್ಲಿ ಕಾಣುತ್ತದೆ. ಹಾಗಾದರೆ ಮನೆಗೆ ಕಳಿಸಿ ವಾರಕ್ಕೊಮ್ಮೆ ತೂಕ ನೋಡಿದರೆ ಸಾಲದಾ? ನನ್ನ ವಿರುದ್ಧ ಹೋಗುವ ಸಂಗತಿಯನ್ನೂ ವರದಿಯಲ್ಲಿ ಇಡಲೇಬೇಕು. ಬಚ್ಚಿಟ್ಟರೆ ಆಕೆಯ ಹಕ್ಕನ್ನು ತೂಗುವವರ ಕೈಯಿಂದ ಒಂದು ಕಲ್ಲು ಕದ್ದ ಹಾಗೆ.

ಆಮೇಲೆ ಪ್ರತಿ ದಾರಿಯನ್ನೂ ಪರೀಕ್ಷಿಸಿ ಬರೆದೆ. ತಾನಾಗಿಯೇ ವಾರ್ಡಿನಲ್ಲಿ ಉಳಿಯುತ್ತಾರಾ? ಕೇಳಿದೆವು, ಬಾಗಿಲು ತೆರೆದ ದಿನವೇ ಹೋಗುತ್ತೇನೆ ಅಂದರು. ಮನೆಗೆ ಭೇಟಿ ಕೊಡುವ ತಂಡ ವಾರಕ್ಕೆ ಎರಡು ಸಲ ಬರಬಲ್ಲದು, ಆದರೆ ಬಾಗಿಲು ತೆಗೆಯುವುದಿಲ್ಲ ಎಂದು ಆಕೆಯೇ ಹೇಳಿದರು. ತಮ್ಮನಿಗೆ ಇನ್ನೂ ಮೂರು ವಾರ ರಾತ್ರಿ ಪಾಳಿ. ತಿಂಗಳಿಗೊಮ್ಮೆ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುವುದು ಹೊರಗಿನಿಂದ ನೋಡಿದರೆ ಕಡಿಮೆ ನಿರ್ಬಂಧದ ದಾರಿ. ಆಕೆಯ ಮಟ್ಟಿಗೆ ಅಲ್ಲ. ಹಿಂದೊಮ್ಮೆ ನಾಲ್ಕು ಜನ ಹಿಡಿದು ಇಂಜೆಕ್ಷನ್ ಕೊಟ್ಟಿದ್ದರು. ‘ಮನೆ ತಡವಾದರೂ ಪರವಾಗಿಲ್ಲ, ಹಿಡಿದು ಸೂಜಿ ಚುಚ್ಚಬೇಡಿ’ ಎಂದು ಹುಷಾರಾಗಿದ್ದಾಗ ಬರೆದುಕೊಟ್ಟ ಕಾಗದ ಕಡತದಲ್ಲಿದೆ. ಯಾವುದು ಕಡಿಮೆ ನಿರ್ಬಂಧ ಅನ್ನುವುದನ್ನು ಆ ಮನುಷ್ಯರ ಕಡೆಯಿಂದ ನೋಡಬೇಕು. ಗೋಡೆ ಲೆಕ್ಕ ಹಾಕಿದರೆ ಸಾಲದು.

ಹೊಸ ಔಷಧ ಶುರುವಾಗಿ ಆಗ ಎಂಟು ದಿನ. ಅದು ರಕ್ತದಲ್ಲಿ ಸ್ಥಿರ ಮಟ್ಟಕ್ಕೆ ಬರಲು ಸುಮಾರು ಎರಡು ವಾರ ಬೇಕು, ಕೆಲಸ ಮಾಡುತ್ತಿದೆಯಾ ಎಂದು ನೋಡಲು ಇನ್ನೊಂದಷ್ಟು ದಿನ. ಹಿಂದಿನ ಸಲಗಳಲ್ಲಿ 50 ಕಿಲೋದಿಂದ ಇಳಿದವರು ಈ ಸಲ 45.5ರಿಂದ ಇಳಿಯಬೇಕು, ಹಾಗಾಗಿ ಹತ್ತು ವಾರದ ಅವಕಾಶ ನಮಗಿಲ್ಲ. ಇಷ್ಟನ್ನು ಇಟ್ಟು ನಾನು ಕೇಳಿದ್ದು ನಾಲ್ಕು ವಾರ. ಮೂರು ತಿಂಗಳು ಕೇಳಲು ಅವಕಾಶವಿತ್ತು, ಕಾರಣ ಇರಲಿಲ್ಲ. ಜೊತೆಗೆ ವಾರ್ಡಿನೊಳಗೂ ಏನು ಸಡಿಲಿಸುತ್ತೇವೆ ಎಂದು ಬರೆದೆ: ಫೋನ್ ಆಕೆಯ ಕೈಯಲ್ಲೇ ಇರುತ್ತದೆ, ಬಲವಂತದ ಇಂಜೆಕ್ಷನ್ ಇಲ್ಲ, ಎರಡನೇ ವಾರದಿಂದ ತಮ್ಮನ ರಜೆಯ ದಿನ ರಾತ್ರಿ ಮನೆ. ತೂಕ 47 ಮುಟ್ಟಿ, ಬೇಯಿಸಿದ ಊಟ ದಿನಕ್ಕೆ ಒಮ್ಮೆಯಾದರೂ ಸೇರಿದರೆ ಅವಧಿ ಮುಗಿಯುವ ಮೊದಲೇ ಬಿಡುಗಡೆ.

ವಿಚಾರಣೆಯ ಹಿಂದಿನ ದಿನ ವರದಿಯನ್ನು ಆಕೆಯ ಜೊತೆ ಕೂತು ಓದಿದೆ. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. ‘ನೀರು ಕುಡಿಯುವುದಿಲ್ಲ ಅಂತ ಬರೆದಿದ್ದೀರಿ. ಕುಡೀತೀನಲ್ಲ, ನಾನೇ ತೆರೆದ ಬಾಟಲಿಯದ್ದು.’ ನಿಜ. ಎದುರಿಗೇ ಹೊಡೆದುಹಾಕಿ ಆಕೆ ಹೇಳಿದಂತೆಯೇ ಬರೆದೆ. ಮರುದಿನ ಮಂಡಳಿಯವರು ನಾಲ್ಕು ವಾರಕ್ಕೆ ಒಪ್ಪಿದರು, ಮನೆಯ ರಾತ್ರಿಗಳನ್ನು ಮಾತ್ರ ಮೊದಲ ವಾರದಿಂದಲೇ ಶುರು ಮಾಡಲು ಹೇಳಿದರು. ಆಕೆಯ ತಮ್ಮ ತನ್ನ ಪಾಳಿ ಬದಲಿಸಿಕೊಳ್ಳಲು ಅಂದೇ ಸಂಜೆ ಹೋಗಿ ಕೇಳಿದ.