ಎಂಟು ಚಿತ್ರದ ಪುಸ್ತಕ, ದಿನಕ್ಕೆ ಹತ್ತು ನಿಮಿಷ

ಎರಡೂವರೆ ವರ್ಷದ ಕೂಸಿಗೆ ಅಂಗಡಿ ಪುಸ್ತಕದ ಪೆಂಗ್ವಿನ್‌ಗಿಂತ ತಾನೇ ಹತ್ತಿ ಇಳಿದ ಚಿಗರಿ ಬಸ್ಸಿನ ಬಗ್ಗೆ ಹೇಳೋದು ಹೆಚ್ಚಿರುತ್ತದೆ. ಧಾರವಾಡದಿಂದ ಹುಬ್ಬಳ್ಳಿಯ ಅಜ್ಜಿ ಮನೆಗೆ ಹೋದ ಒಂದು ದಿನವನ್ನೇ ಪುಸ್ತಕ ಮಾಡಿ ಕೊಡಿ. ಚಪ್ಪಲಿ ಹಾಕಿಕೊಂಡದ್ದು, ಬಸ್ಸಿನ ಬಾಗಿಲು ತೆರೆದದ್ದು, ಕಿಟಕಿಯಲ್ಲಿ ಉಣಕಲ್ ಕೆರೆ ಕಂಡದ್ದು, ಅಜ್ಜಿ ಎತ್ತಿಕೊಂಡದ್ದು, ಹೀಗೆ ಎಂಟು ಚಿತ್ರ ಸಾಕು. ಚಿತ್ರದಲ್ಲಿ ಏನಾದರೂ ನಡೆಯುತ್ತಿರಬೇಕು. ಕ್ಯಾಮೆರಾ ನೋಡಿ ನಕ್ಕ ಫೋಟೋದಿಂದ ಮಾತು ಹೊರಡುವುದಿಲ್ಲ.

ದಪ್ಪ ಡ್ರಾಯಿಂಗ್ ಹಾಳೆ, ಎ4 ಅಳತೆಯವು ಐದು, ನಡುವೆ ಮಡಚಿ ಒಂದರೊಳಗೊಂದು ಇಡಿ. ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ ದಪ್ಪ ದಾರದಿಂದ ಹೊಲಿಯಿರಿ. ಸ್ಟೇಪ್ಲರ್ ಪಿನ್ ಬೇಡ, ಕಿತ್ತು ಬಂದರೆ ನೇರ ಬಾಯಿಗೆ ಹೋಗುತ್ತದೆ. ಫೋಟೋ 4×6 ಇಂಚಿನದಾದರೆ ಮೊಬೈಲ್ ನೆಟ್ಟಗೆ ಹಿಡಿದು ತೆಗೆದದ್ದಿರಲಿ, ಅಡ್ಡ ಫೋಟೋ ಪುಟದಾಚೆ ಚಾಚುತ್ತದೆ. ಗೋಂದು ನಾಲ್ಕು ಅಂಚಿಗಷ್ಟೇ ತೆಳ್ಳಗೆ. ಹೆಚ್ಚಾದರೆ ಹಾಳೆ ಸುಕ್ಕಾಗುತ್ತದೆ. ಚಿತ್ರ ಒಳಗಿನ ಬಲಪುಟಕ್ಕೆ ಮಾತ್ರ, ಎಡಪುಟ ಖಾಲಿ ಬಿಡಿ.

ಇಷ್ಟಕ್ಕೆ ಅರ್ಧ ಉಡುಗೊರೆ ಮುಗಿಯಿತು. ಉಳಿದರ್ಧ ದಿನಾ ಹತ್ತು ನಿಮಿಷ, ಟಿವಿ ಬಂದ್ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡು ಓದುವುದು. ಪುಟ ಕೂಸೇ ತಿರುವಲಿ. ಎಲ್ಲರೂ ಎಡವುವುದು ಇಲ್ಲಿ: ಪುಟ ತೆರೆದ ಕೂಡಲೇ "ಇದೇನು? ಇದೇನ ಬಣ್ಣ?" ಎಂದು ಪರೀಕ್ಷೆ ಶುರು. ಅಂಥ ಪ್ರಶ್ನೆಗೆ ಬರುವುದು ಒಂದೇ ಪದ. ಬದಲಿಗೆ "ಇಲ್ಲೇನಾತು?" ಎಂದು ಕೇಳಿ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ. ದೊಡ್ಡವರು ಸಾಮಾನ್ಯವಾಗಿ ಎರಡು-ಮೂರಕ್ಕೇ ಉತ್ತರ ತಾವೇ ಹೇಳಿಬಿಡುತ್ತಾರೆ. ಕೂಸಿಗೆ ಮಾತು ಹುಡುಕಲು ಅಷ್ಟು ಹೊತ್ತು ಸಾಲದು.

ಅದು "ಬಾಗಲಾ" ಎಂದಿತು ಅನ್ನಿ. "ಹೌದ, ಬಾಗಲಾ ತೆಗೀತು" ಎಂದು ಒಂದೇ ಪದ ಸೇರಿಸಿ ತಿರುಗಿ ಹೇಳಿ. ನಾಲ್ಕೈದು ದಿನ ಬಿಟ್ಟು ಅದೇ ಪುಟದಲ್ಲಿ "ಬಾಗಲಾ ತೆಗೀತು" ಎಂದರೆ, ನೀವು "ಬಸ್ಸಿಂದು ಬಾಗಲಾ ತೆಗೀತು" ಎನ್ನಿ. ತಪ್ಪು ಉಚ್ಚರಿಸಿದರೆ ತಿದ್ದಬೇಡಿ, "ಸರಿಯಾಗಿ ಹೇಳು" ಅಂತೂ ಬೇಡವೇ ಬೇಡ. ನಿಮ್ಮ ಬಾಯಲ್ಲಿ ಸರಿಯಾಗಿ ಬಂದರೆ ಸಾಕು. ಚಿತ್ರ ಬಿಟ್ಟು ನಿಮ್ಮ ಮುಖ ನೋಡುತ್ತ ಉತ್ತರಿಸಿದರೆ, ತೊಡೆಯಿಂದ ಜಾರಿದರೆ, ಪ್ರಶ್ನೆ ಜಾಸ್ತಿಯಾಗಿವೆ ಎಂದು ತಿಳಿಯಿರಿ. ಅಂದು ಅಲ್ಲಿಗೇ ಬಿಡಿ.

ಅದೇ ಪ್ರಯಾಣದ ವಿಡಿಯೋ ಮೊಬೈಲಿನಲ್ಲಿದ್ದರೂ ಈ ಕೆಲಸವಾಗದು, ಅದು ಕೂಸಿನ ಉತ್ತರಕ್ಕೆ ಕಾಯುವುದಿಲ್ಲ. ಇನ್ನು, ಎರಡು ವರ್ಷ ತುಂಬಿಯೂ "ಅವ್ವ ಬಾ" ಎಂಬಂತೆ ಎರಡು ಪದ ಕೂಡಿಸದಿದ್ದರೆ ಪುಸ್ತಕವನ್ನೇ ನಂಬಿ ಕೂರದೆ ಕಿವಿ ಪರೀಕ್ಷೆ ಮಾಡಿಸಿ.

ಎಡಪುಟ ಖಾಲಿ ಬಿಟ್ಟದ್ದು ಕೂಸಿನ ಮಾತಿಗೆ. ಹೇಳಿದ್ದನ್ನು ಹೇಳಿದಂತೆಯೇ, ತಾರೀಖು ಹಾಕಿ ಬರೆಯಿರಿ. ಬಸ್ಸಿಗೆ "ಬಚ್ಚು" ಎಂದರೆ "ಬಚ್ಚು" ಎಂದೇ.